ಕಾರ್ಡ್ ಲಿಮಿಟ್ ಹೆಚ್ಚಿಸುವ ಕರೆ: ಹಿಂಬದಿಯ ಮೂರಂಕಿ ಕೇಳಿದರೆ ಏನು ಮಾಡಬೇಕು, ಹೇಳಿಬಿಟ್ಟಿದ್ದರೆ ಏನು ಮಾಡಬೇಕು

"ಸರ್, ಕಾರ್ಡ್ ವಿಭಾಗದಿಂದ ಮಾತಾಡ್ತಿದ್ದೀನಿ. ನೀವು ಬಿಲ್ ಸರಿಯಾಗಿ ಕಟ್ಟುತ್ತಾ ಬಂದಿದ್ದೀರಿ. ನಿಮ್ಮ ಲಿಮಿಟ್ ಒಂದೂವರೆ ಲಕ್ಷದಿಂದ ಮೂರು ಲಕ್ಷಕ್ಕೆ ಏರಿಸೋಕೆ ಮಂಜೂರಾಗಿದೆ. ದಾಖಲೆ ಏನೂ ಬೇಡ, ಎರಡು ನಿಮಿಷ ಸಾಕು." ಈ ಮಾತು ಕೇಳಿದವರಿಗೆ ಅನುಮಾನ ಬರುವುದು ಕಡಿಮೆ. ಬ್ಯಾಂಕುಗಳು ನಿಜವಾಗಿಯೂ ಲಿಮಿಟ್ ಏರಿಸುತ್ತವೆ, ಬಿಲ್ ಸರಿಯಾಗಿ ಕಟ್ಟಿದವರಿಗೇ ಏರಿಸುತ್ತವೆ. ಲಾಟರಿ ಹತ್ತಿದೆ ಎಂದರೆ ನಗುವವರೂ ಇಲ್ಲಿ ಎಡವುತ್ತಾರೆ. ಹಾಗಾಗಿ ಕರೆ ಮಾಡಿದವನ ದನಿ, ಭಾಷೆ, ವಿನಯ ನೋಡಿ ಅಸಲಿಯೋ ನಕಲಿಯೋ ಎಂದು ತೂಗಲು ಹೋಗಬೇಡಿ. ಅವನು ಏನು ಕೇಳುತ್ತಿದ್ದಾನೆ ಎಂಬುದನ್ನಷ್ಟೇ ಗಮನಿಸಿ. ಕಾರ್ಡ್ ಸಂಖ್ಯೆ ಮತ್ತು ಅದರ ಹಿಂಬದಿಯ ಮೂರಂಕಿಯನ್ನು ಕೇಳಿದ ಕ್ಷಣಕ್ಕೆ ಕರೆ ಮುಗಿಯಬೇಕು. ಯಾಕೆಂದು ತಿಳಿದರೆ ಫೋನ್ ಇಡುವುದು ಸುಲಭವಾಗುತ್ತದೆ.

ಆ ಅಂಕಿಗಳಿಂದ ಏನಾಗುತ್ತದೆ

ಬಹುತೇಕ ಕಾರ್ಡುಗಳಲ್ಲಿ 16 ಅಂಕಿಗಳಿರುತ್ತವೆ. ಮೊದಲ ಆರು ಅಂಕಿಗಳು ಯಾವ ಬ್ಯಾಂಕು, ಯಾವ ಬಗೆಯ ಕಾರ್ಡು ಎಂಬುದನ್ನು ಹೇಳುತ್ತವೆ. ಒಂದೇ ಬ್ಯಾಂಕಿನ ಒಂದೇ ಬಗೆಯ ಕಾರ್ಡ್ ಇರುವ ಸಾವಿರಾರು ಜನರಿಗೆ ಅವು ಒಂದೇ ಆಗಿರುತ್ತವೆ. ಕೊನೆಯ ನಾಲ್ಕು ಅಂಕಿಗಳು ಅಂಗಡಿಯ ಚೀಟಿಯಲ್ಲಿ, ಎಸ್ಸೆಮ್ಮೆಸ್ಸಿನಲ್ಲಿ, ಬಿಲ್ಲಿನಲ್ಲಿ ಅಚ್ಚಾಗುತ್ತಲೇ ಇರುತ್ತವೆ. ಉಳಿಯುವುದು ನಡುವಿನ ಆರು. ಕರೆ ಮಾಡಿದವನು ಹೆಸರು ಹೇಳಿ, ಮೊದಲ ಅಂಕಿಗಳನ್ನೂ ಕೊನೆಯ ನಾಲ್ಕನ್ನೂ ತಾನೇ ಓದಿ, "ನಡುವಿನದನ್ನು ನೀವು ಹೇಳಿ ದೃಢಪಡಿಸಿ ಸಾಕು" ಎನ್ನುತ್ತಾನೆ. ಹತ್ತು ಅಂಕಿ ಗೊತ್ತಿರುವವನಿಗೆ ಮಿಕ್ಕ ಆರೂ ಗೊತ್ತಿರಬೇಕು ಎಂದು ನಮಗೆ ಅನ್ನಿಸುತ್ತದೆ. ಅವನಿಗೆ ಗೊತ್ತಿಲ್ಲದ್ದು ಆ ಆರೇ.

ಹಿಂಬದಿಯ ಸಹಿ ಪಟ್ಟಿಯ ಬಳಿ ಇರುವ ಮೂರಂಕಿಯೇ ಸಿವಿವಿ. ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡಿನಲ್ಲಿ ಅದು ನಾಲ್ಕಂಕಿ, ಮುಂಬದಿಯಲ್ಲಿರುತ್ತದೆ. ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ಬ್ಯಾಂಕಿನ ಗುಪ್ತ ಕೀಲಿಯನ್ನು ಸೇರಿಸಿ ಯಂತ್ರ ಅದನ್ನು ಲೆಕ್ಕ ಹಾಕಿ ತೆಗೆಯುತ್ತದೆ. ಯಾರಾದರೂ ಆನ್‌ಲೈನಿನಲ್ಲಿ ಅದನ್ನು ತುಂಬಿದಾಗ ಬ್ಯಾಂಕಿನ ಯಂತ್ರ ಮತ್ತೆ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಆನ್‌ಲೈನ್ ಪಾವತಿಯಲ್ಲಿ ಕಾರ್ಡು ಕೊಳ್ಳುವವರ ಕೈಯಲ್ಲೇ ಇದೆ ಎಂದು ತೋರಿಸಲು ಈ ಅಂಕಿ ಇದೆ. ಲಿಮಿಟ್ ಏರಿಸುವ ಕೆಲಸದಲ್ಲಿ ಅದನ್ನು ಕೇಳುವ ಹಂತವೇ ಇಲ್ಲ. ಲಿಮಿಟ್ ಬ್ಯಾಂಕಿನ ಒಳಗಿನ ಲೆಕ್ಕ. ಅದನ್ನು ಬದಲಿಸಲು ನಿಮ್ಮ ಖಾತೆ ಯಾವುದೆಂದು ಗೊತ್ತಿದ್ದರೆ ಸಾಕು, ಅದು ಬ್ಯಾಂಕಿಗೆ ಗೊತ್ತೇ ಇದೆ.

ಮೂರಂಕಿ ಎಂದರೆ ಸಾವಿರ ಸಾಧ್ಯತೆಗಳು ಅಷ್ಟೇ, ಊಹಿಸಬಹುದಲ್ಲ ಎಂದು ಕೇಳಬಹುದು. ತಪ್ಪು ಅಂಕಿಯನ್ನು ಮತ್ತೆ ಮತ್ತೆ ಹಾಕಿದರೆ ಬ್ಯಾಂಕು ಕಾರ್ಡನ್ನು ತಡೆಯುತ್ತದೆ, ಆದ್ದರಿಂದ ಊಹೆ ನಡೆಯುವುದಿಲ್ಲ. ವಂಚಕ ನಿಮಗೆ ಕರೆ ಮಾಡಲೇಬೇಕಾಗಿ ಬರುವುದು ಈ ಕಾರಣಕ್ಕೆ.

ಸಂಖ್ಯೆ, ಅವಧಿಯ ತಿಂಗಳು, ಮೂರಂಕಿ ಇವಿಷ್ಟೂ ಸಿಕ್ಕಮೇಲೆ ಅವನ ಮುಂದೆ ಎರಡು ದಾರಿಗಳಿವೆ. ಭಾರತದ ಜಾಲತಾಣವಾದರೆ ಒಟಿಪಿಯೂ ಬೇಕು. ರಿಸರ್ವ್ ಬ್ಯಾಂಕ್ 2009ರ ಆಗಸ್ಟಿನಿಂದಲೇ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣವನ್ನು ಕಡ್ಡಾಯ ಮಾಡಿದೆ. ಹೊರದೇಶದ ಜಾಲತಾಣಗಳಲ್ಲಿ ಅನೇಕವು ಒಟಿಪಿ ಕೇಳುವುದೇ ಇಲ್ಲ, ಅಲ್ಲಿ ಇವಿಷ್ಟೇ ಸಾಕು. "ಒಟಿಪಿ ಕೊಟ್ಟಿಲ್ಲ, ಹಾಗಾಗಿ ಅಪಾಯವಿಲ್ಲ" ಎಂಬ ನಂಬಿಕೆ ಇಲ್ಲಿ ಮುರಿಯುತ್ತದೆ. ನಿಮ್ಮ ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಆಗಿದ್ದರೆ ಮೂರಂಕಿ ಹೇಳಿದ ಕೆಲವೇ ನಿಮಿಷಗಳಲ್ಲಿ ಡಾಲರಿನಲ್ಲೋ ಯೂರೋದಲ್ಲೋ ಖರ್ಚಿನ ಸಂದೇಶ ಬರಬಹುದು.

ಕರೆ ಹೇಗೆ ಸಾಗುತ್ತದೆ: ಒಂದು ಮಾದರಿ ಲೆಕ್ಕ

ಲಿಮಿಟ್ 1,50,000 ರೂಪಾಯಿ ಇರುವ ಒಂದು ಕಾರ್ಡ್ ಇದೆ ಎಂದುಕೊಳ್ಳಿ. ಅದರಲ್ಲಿ 22,400 ಈಗಾಗಲೇ ಖರ್ಚಾಗಿದೆ, ಬಳಸಲು ಉಳಿದಿರುವುದು 1,27,600.

ಬೆಳಗ್ಗೆ 11 ಗಂಟೆ 10 ನಿಮಿಷಕ್ಕೆ ಕರೆ ಬರುತ್ತದೆ. ಮೊದಲ ಎರಡು ಮೂರು ನಿಮಿಷ ಹೆಸರು, ಊರು, ಯಾವ ಕಾರ್ಡು ಎಂಬ ಮಾತು. ನಡುವೆ ಸಲೀಸಾಗಿ ಒಂದು ಪ್ರಶ್ನೆ ಬರುತ್ತದೆ: "ಈಗಿನ ಲಿಮಿಟ್ ಎಷ್ಟಿದೆ ಮೇಡಂ, ಎಷ್ಟು ಬಳಸಿದ್ದೀರಿ?" ಬ್ಯಾಂಕಿನವರಾಗಿದ್ದರೆ ಇದು ಅವರ ಪರದೆಯ ಮೇಲೇ ಇರುತ್ತದೆ. ವಂಚಕನಿಗೆ ಮಾತ್ರ ಇದು ತಿಳಿಯಬೇಕು, ಏಕೆಂದರೆ ಎಷ್ಟು ಎಳೆಯಬಹುದು ಎಂದು ಅವನು ಲೆಕ್ಕ ಹಾಕಬೇಕಿದೆ. ಉಳಿದದ್ದಕ್ಕಿಂತ ಹೆಚ್ಚಿನ ಮೊತ್ತ ಹಾಕಿದರೆ ವಹಿವಾಟು ಬಿದ್ದುಹೋಗುತ್ತದೆ, ನಿಮಗೂ ಎಚ್ಚರವಾಗುತ್ತದೆ.

ಆಮೇಲೆ ಕಾರ್ಡ್ ಸಂಖ್ಯೆ, ತಿಂಗಳು, ಹಿಂಬದಿಯ "ಭದ್ರತಾ ಕೋಡ್". ನೀವು ಒಂದೊಂದಾಗಿ ಹೇಳುವಾಗ ಅವನು ಯಾವುದೋ ಮಾರಾಟ ತಾಣದ ಪಾವತಿ ಪುಟದಲ್ಲಿ ತುಂಬುತ್ತಿರುತ್ತಾನೆ. 11 ಗಂಟೆ 16 ನಿಮಿಷಕ್ಕೆ ನಿಮ್ಮ ಫೋನಿಗೆ ಒಟಿಪಿ ಬರುತ್ತದೆ. ಆ ಸಂದೇಶ ಹೆಚ್ಚುಕಡಿಮೆ ಹೀಗಿರುತ್ತದೆ:

```
482913 is OTP for txn of INR 48,990.00 at <merchant>
on card ending 7316. Do not share it with anyone.
```

ಇದನ್ನು ಪೂರ್ತಿ ಓದಿ. ಅದರಲ್ಲಿ 48,990 ರೂಪಾಯಿ ಎಂದಿದೆ, ಯಾರಿಗೆ ಹೋಗುತ್ತಿದೆ ಎಂದಿದೆ. ಲಿಮಿಟ್ ಏರಿಸುವ ಕೆಲಸಕ್ಕೆ ಮೊತ್ತವೂ ಇರುವುದಿಲ್ಲ, ಅಂಗಡಿಯ ಹೆಸರೂ ಇರುವುದಿಲ್ಲ. ಇಡೀ ಕರೆಯಲ್ಲಿ ಬ್ಯಾಂಕು ನಿಮ್ಮೊಂದಿಗೆ ನಿಜವಾಗಿ ಮಾತಾಡುವುದು ಈ ಒಂದು ಸಂದೇಶದಲ್ಲಿ ಮಾತ್ರ. ಓದಲು ಬಿಡಬಾರದೆಂದೇ ಕರೆ ಮಾಡಿದವನು ಈ ಹೊತ್ತಿಗೆ ಅವಸರ ಮಾಡುತ್ತಾನೆ: "ಬೇಗ ಹೇಳಿ, ಮೂವತ್ತು ಸೆಕೆಂಡಿನಲ್ಲಿ ಸಿಸ್ಟಂ ಲಾಕ್ ಆಗುತ್ತೆ, ಆಮೇಲೆ ಆರು ತಿಂಗಳು ಲಿಮಿಟ್ ಸಿಗಲ್ಲ." ನೋಟಿಫಿಕೇಷನ್ನಿನಲ್ಲಿ ಮೇಲೆ ಮೂಡುವುದು ಆರಂಕಿ ಮಾತ್ರವಾದ್ದರಿಂದ ಬಹಳ ಜನ ಅದನ್ನಷ್ಟೇ ನೋಡಿ ಹೇಳಿಬಿಡುತ್ತಾರೆ.

ಮೊದಲ ಒಟಿಪಿ ಸಿಕ್ಕಮೇಲೆ ಕರೆ ಮುಗಿಯುವುದಿಲ್ಲ. "ಸರ್ವರ್ ತೊಂದರೆ, ಇನ್ನೊಂದು ಕೋಡ್ ಬರುತ್ತೆ" ಎಂದು ಎರಡನೆಯದನ್ನು ಕೇಳುತ್ತಾನೆ, ಈ ಸಲ 49,500. ಅಷ್ಟರಲ್ಲಿ ಖರ್ಚಿನ ಸಂದೇಶ ಕಣ್ಣಿಗೆ ಬಿದ್ದು ನೀವು ಕೇಳಿದರೆ ಅದಕ್ಕೂ ಉತ್ತರ ಸಿದ್ಧವಿರುತ್ತದೆ: "ಅದು ಪರೀಕ್ಷೆಗೆ ಹಾಕಿದ್ದು, ರದ್ದು ಮಾಡೋಕೆ ಈಗ ಬರುವ ಕೋಡ್ ಹೇಳಿ." ಮೂರನೆಯದು 27,000. ಮೂರೂ ಸೇರಿ 1,25,490. ಉಳಿದಿದ್ದ 1,27,600ರ ಒಳಗೇ, ಒಂದೂ ಬೀಳದ ಹಾಗೆ ಲೆಕ್ಕ ಹಾಕಲಾಗಿದೆ. ಪಾವತಿಯನ್ನು ರದ್ದು ಮಾಡಲು ಒಟಿಪಿ ಬೇಕಾಗುವುದೇ ಇಲ್ಲ ಎಂಬುದನ್ನು ಇಲ್ಲಿ ಗಟ್ಟಿಯಾಗಿ ನೆನಪಿಡಿ. ಎರಡನೆಯ, ಮೂರನೆಯ ನಷ್ಟ ಆಗುವುದು ಬಹುಪಾಲು ಈ ಮಾತನ್ನು ನಂಬಿಯೇ.

ಬಾಯಲ್ಲಿ ಒಟಿಪಿ ಹೇಳದವರಿಂದ ಅದನ್ನು ತೆಗೆಯುವ ಬೇರೆ ಉಪಾಯಗಳೂ ಇವೆ. ಒಂದು, ವಾಟ್ಸ್ಯಾಪಿನಲ್ಲಿ ಬ್ಯಾಂಕಿನ ಹೆಸರಿರುವ ಎಪಿಕೆ ಫೈಲ್, ಅಂದರೆ ಫೋನಿಗೆ ನೇರವಾಗಿ ಹಾಕಿಕೊಳ್ಳುವ ಆ್ಯಪ್, ಕಳಿಸಿ "ಇದನ್ನು ಹಾಕಿಕೊಂಡರೆ ಲಿಮಿಟ್ ಕಾಣುತ್ತೆ" ಎನ್ನುವುದು. ಅದಕ್ಕೆ ಎಸ್ಸೆಮ್ಮೆಸ್ ಓದುವ ಅನುಮತಿ ಕೊಟ್ಟರೆ ಒಟಿಪಿಗಳು ತಾವಾಗಿಯೇ ಅವನಿಗೆ ಹೋಗುತ್ತವೆ. ಇನ್ನೊಂದು, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುವುದು. ಮೂರನೆಯದು, "ನಮ್ಮ ಮ್ಯಾನೇಜರ್ ಇನ್ನೊಂದು ಲೈನಿನಲ್ಲಿದ್ದಾರೆ, ಕರೆ ಸೇರಿಸಿ" ಎನ್ನುವುದು. ಆ ಇನ್ನೊಂದು ಕರೆ ಒಟಿಪಿಯನ್ನು ಓದಿ ಹೇಳುವ ಯಂತ್ರದ ಕರೆಯಾಗಿರುತ್ತದೆ. ನೀವು ಅದನ್ನು ಸೇರಿಸಿದರೆ ಅವನೂ ಕೇಳಿಸಿಕೊಳ್ಳುತ್ತಾನೆ.

ಕರೆ ಬಂದಾಗ

ವಾದ ಮಾಡಬೇಡಿ, ಪರೀಕ್ಷೆ ಮಾಡುವ ಪ್ರಶ್ನೆಗಳನ್ನೂ ಕೇಳಬೇಡಿ. ನಿಮ್ಮ ಹುಟ್ಟಿದ ದಿನಾಂಕ, ವಿಳಾಸ, ಪ್ಯಾನ್ ಸಂಖ್ಯೆ ಸೋರಿಕೆಯಾದ ಪಟ್ಟಿಗಳಲ್ಲಿ ಸಿಗುತ್ತವೆ. ಅವನು ಸರಿಯಾದ ಉತ್ತರ ಕೊಟ್ಟರೆ ನಿಮ್ಮ ನಂಬಿಕೆ ಇನ್ನಷ್ಟು ಬಲವಾಗುತ್ತದೆ, ಅಷ್ಟೇ.

1. "ಆ್ಯಪ್‌ನಲ್ಲಿ ನೋಡಿಕೊಳ್ಳುತ್ತೇನೆ" ಎಂದು ಹೇಳಿ ಫೋನ್ ಇಡಿ. ನಿಜವಾದ ಆಫರ್ ಆಗಿದ್ದರೆ ಸಂಜೆಗೂ ಇರುತ್ತದೆ, ಮರುದಿನವೂ ಇರುತ್ತದೆ.

2. ಅದೇ ನಂಬರಿಗೆ ವಾಪಸ್ ಕರೆ ಮಾಡಬೇಡಿ. ಗೂಗಲ್‌ನಲ್ಲಿ ಗ್ರಾಹಕ ಸೇವೆಯ ನಂಬರ್ ಹುಡುಕಬೇಡಿ, ಅಲ್ಲಿಯೂ ನಕಲಿ ನಂಬರುಗಳು ಇರುತ್ತವೆ. ಕಾರ್ಡಿನ ಹಿಂಬದಿ ಅಚ್ಚಾಗಿರುವ ನಂಬರಿಗೆ ನೀವೇ ಕರೆ ಮಾಡಿ. ಹೀಗೆ ನೀವಾಗಿಯೇ ಮಾಡಿದ ಕರೆಯಲ್ಲಿ ಯಂತ್ರದ ದನಿ ಕಾರ್ಡ್ ಸಂಖ್ಯೆಯನ್ನು ಕೀಲಿಗಳಲ್ಲಿ ಒತ್ತಲು ಹೇಳುವುದುಂಟು. ಆ ಕರೆ ಎಲ್ಲಿಗೆ ಹೋಗಿದೆ ಎಂದು ನಿಮಗೆ ಗೊತ್ತಿರುವುದರಿಂದ ಅದರಲ್ಲಿ ತೊಂದರೆಯಿಲ್ಲ. ಹಾಗಿದ್ದೂ ಯಾವ ಮನುಷ್ಯರಿಗೂ ಮೂರಂಕಿಯನ್ನು ಬಾಯಲ್ಲಿ ಹೇಳಬೇಡಿ.

3. ಬಂದ ನಂಬರನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ವರದಿ ಮಾಡಿ. ವಿಳಾಸ sancharsaathi.gov.in, ಆ್ಯಪ್ ಕೂಡ ಇದೆ. ದುಡ್ಡು ಹೋಗದೆ ಕೇವಲ ಅನುಮಾನದ ಕರೆ ಬಂದಾಗ ದೂರಲು ಇರುವ ಜಾಗ ಇದೇ.

ನಂಬರ್ ನೋಡಿಯೇ ಗುರುತಿಸಬಹುದೇ ಎಂದು ಕೇಳುವವರಿದ್ದಾರೆ. ಒಂದು ಮಟ್ಟಕ್ಕೆ ಆಗುತ್ತದೆ. ಬ್ಯಾಂಕುಗಳು ಗ್ರಾಹಕರಿಗೆ ಮಾಡುವ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನೂ, ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ನಂಬರುಗಳನ್ನೂ ಬಳಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಸಾಮಾನ್ಯ ಹತ್ತಂಕಿಯ ಮೊಬೈಲ್ ನಂಬರಿನಿಂದ "ಬ್ಯಾಂಕಿನವರು" ಮಾತಾಡಿದರೆ ಅನುಮಾನಕ್ಕೆ ಕಾರಣವಿದೆ. ಆದರೆ ನಂಬರ್ 1600 ಎಂದಿದ್ದ ಮಾತ್ರಕ್ಕೆ ಮೂರಂಕಿ ಹೇಳಬಹುದು ಎಂದಲ್ಲ.

ಲಿಮಿಟ್ ನಿಜವಾಗಿ ಏರುವ ಬಗೆ

ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಕಾರ್ಡಿನ ಲಿಮಿಟ್ ಏರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳಲ್ಲಿದೆ. ವಂಚಕರು ಇದನ್ನೇ ತಿರುಗಿಸಿ "ನಿಮ್ಮ ಒಪ್ಪಿಗೆ ಬೇಕು, ಅದಕ್ಕೇ ಕೋಡ್ ಕೇಳ್ತಿದ್ದೀವಿ" ಎನ್ನುತ್ತಾರೆ. ಒಪ್ಪಿಗೆ ಕೊಡುವ ಜಾಗ ಬೇರೆ. ಬ್ಯಾಂಕಿನ ಆ್ಯಪ್ ಅಥವಾ ನೆಟ್‌ಬ್ಯಾಂಕಿಂಗ್‌ಗೆ ನೀವೇ ಲಾಗಿನ್ ಆಗಿ, ಕಾರ್ಡ್ ವಿಭಾಗಕ್ಕೆ ಹೋದರೆ, ನಿಮಗೆ ಆಫರ್ ಇದ್ದ ಪಕ್ಷದಲ್ಲಿ ಅಲ್ಲಿ ಹೊಸ ಮೊತ್ತದ ಸಮೇತ ಕಾಣುತ್ತದೆ. ಒತ್ತಿ ಒಪ್ಪಿಕೊಂಡರೆ ಆಯಿತು. ಆಫರ್ ಇಲ್ಲದಿದ್ದರೂ ನೀವಾಗಿ ಕೇಳಬಹುದು. ಆಗ ಸಂಬಳದ ಚೀಟಿ ಅಥವಾ ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ, ಹಳೆಯ ಬಿಲ್ಲುಗಳ ಪಾವತಿಯನ್ನೂ ಕ್ರೆಡಿಟ್ ಸ್ಕೋರನ್ನೂ ನೋಡುತ್ತಾರೆ. ಆ್ಯಪ್‌ನಲ್ಲಿ ಆಫರ್ ಕಾಣದಿದ್ದರೆ ಫೋನಿನಲ್ಲಿ ಹೇಳಿದ ಆಫರ್ ಇಲ್ಲವೆಂದೇ ತಿಳಿಯಿರಿ.

ಲಿಂಕ್ ಕಳಿಸಿದರೆ ಅದರ ವಿಳಾಸ ನೋಡಿ. ಬ್ಯಾಂಕುಗಳ ಜಾಲತಾಣಗಳು bank.in ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಬ್ಯಾಂಕಿನ ಹೆಸರಿನ ಹಿಂದೆ ಮುಂದೆ ಏನೇನೋ ಸೇರಿಸಿ ಬೇರೆ ರೀತಿ ಕೊನೆಯಾಗುವ ವಿಳಾಸವನ್ನು ತೆರೆಯದಿರುವುದೇ ಸರಿ.

ಹೇಳಿಬಿಟ್ಟಿದ್ದರೆ: ಮೊದಲ ಹತ್ತು ನಿಮಿಷ

ನಾಚಿಕೆಯಿಂದ ಮನೆಯವರಿಗೆ ಹೇಳದೆ ಕೂತು, ಸಂಜೆಯ ತನಕ "ನೋಡೋಣ" ಎನ್ನುವುದೇ ಹೆಚ್ಚು ನಷ್ಟ ತರುತ್ತದೆ. ಕ್ರಮ ಹೀಗಿರಲಿ.

1. ಕರೆ ಇನ್ನೂ ನಡೆಯುತ್ತಿದ್ದರೆ ಕಡಿದುಹಾಕಿ. ಅವನು ಕಳಿಸಿದ ಆ್ಯಪ್ ಹಾಕಿಕೊಂಡಿದ್ದರೆ ಮೊಬೈಲ್ ಡೇಟಾ ಮತ್ತು ವೈಫೈ ಎರಡನ್ನೂ ಆಫ್ ಮಾಡಿ, ಮುಂದಿನ ಹೆಜ್ಜೆಗಳನ್ನು ಬೇರೆ ಫೋನಿನಿಂದ ಮಾಡಿ. ಅದೇ ಫೋನಿನಲ್ಲಿ ಬ್ಯಾಂಕ್ ಆ್ಯಪ್ ತೆರೆದರೆ ನೀವು ಒತ್ತುವುದೆಲ್ಲ ಅವನಿಗೆ ಕಾಣಬಹುದು.

2. ಕಾರ್ಡನ್ನು ನಿಲ್ಲಿಸಿ. ಆ್ಯಪ್‌ನ ಕಾರ್ಡ್ ನಿಯಂತ್ರಣ ಪುಟದಲ್ಲಿ ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಎಂಬ ಸ್ವಿಚ್‌ಗಳಿರುತ್ತವೆ. ಕಾರ್ಡುದಾರರಿಗೆ ಈ ಸೌಲಭ್ಯ ಕೊಡುವುದನ್ನು ರಿಸರ್ವ್ ಬ್ಯಾಂಕ್ 2020ರಲ್ಲಿ ಕಡ್ಡಾಯ ಮಾಡಿತು. ಎರಡನ್ನೂ ಆಫ್ ಮಾಡಲು ಅರ್ಧ ನಿಮಿಷ ಸಾಕು, ಗ್ರಾಹಕ ಸೇವೆಯ ಲೈನ್ ಸಿಗುವುದಕ್ಕಿಂತ ಬೇಗ. ಅದು ಆದ ಕೂಡಲೇ ಕಾರ್ಡನ್ನು ಶಾಶ್ವತವಾಗಿ ಬ್ಲಾಕ್ ಮಾಡಿ ಹೊಸ ಸಂಖ್ಯೆಯ ಕಾರ್ಡ್ ಕೇಳಿ. ತಾತ್ಕಾಲಿಕ ಲಾಕ್ ಸಾಲದು, ಏಕೆಂದರೆ ಹೇಳಿಬಿಟ್ಟ ಮೂರಂಕಿ ಆ ಕಾರ್ಡಿನ ಅವಧಿ ಮುಗಿಯುವವರೆಗೂ ಅದೇ ಆಗಿರುತ್ತದೆ. ಸಂಖ್ಯೆ ಮಾತ್ರ ಹೇಳಿ, ತಿಂಗಳನ್ನೂ ಮೂರಂಕಿಯನ್ನೂ ಹೇಳದಿದ್ದರೆ ವಿದೇಶಿ ಬಳಕೆ ಆಫ್ ಮಾಡಿ ಕೆಲವು ದಿನ ಗಮನಿಸಿದರೂ ನಡೆಯುತ್ತದೆ. ಮೂರೂ ಹೋಗಿದ್ದರೆ ಕಾರ್ಡ್ ಬದಲಿಸಲೇಬೇಕು, ದುಡ್ಡು ಇನ್ನೂ ಹೋಗಿರದಿದ್ದರೂ.

3. ಬ್ಯಾಂಕಿಗೆ ಕರೆ ಮಾಡಿ "ಈ ವಹಿವಾಟುಗಳು ವಂಚನೆ" ಎಂದು ಸ್ಪಷ್ಟವಾಗಿ ದಾಖಲಿಸಿ, ದೂರಿನ ಸಂಖ್ಯೆ ಪಡೆಯಿರಿ. ಬರೀ ಬ್ಲಾಕ್ ಮಾಡಿಸಿ ಇಟ್ಟುಬಿಟ್ಟರೆ ವಂಚನೆಯ ದೂರು ಕೊಟ್ಟಂತಾಗುವುದಿಲ್ಲ. ಎರಡೂ ಬೇರೆ ಬೇರೆ ದಾಖಲೆಗಳು. ಸಮಯವನ್ನು ಬರೆದಿಟ್ಟುಕೊಳ್ಳಿ, ಅದು ಮುಂದೆ ಬಹಳ ಮುಖ್ಯವಾಗುತ್ತದೆ.

4. 1930ಕ್ಕೆ ಕರೆ ಮಾಡಿ. ಇದು ಹಣಕಾಸಿನ ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಬ್ಯಾಂಕಿನ ಹೆಸರು, ಕಾರ್ಡಿನ ಕೊನೆಯ ನಾಲ್ಕಂಕಿ, ಪ್ರತಿ ವಹಿವಾಟಿನ ಮೊತ್ತ, ಸಮಯ, ಸಂದೇಶದಲ್ಲಿದ್ದ ಅಂಗಡಿಯ ಹೆಸರು, ಉಲ್ಲೇಖ ಸಂಖ್ಯೆ ಇದ್ದರೆ ಅದು, ಮತ್ತು ಕರೆ ಬಂದ ನಂಬರ್ ಕೈಯಲ್ಲಿರಲಿ. ಅವರ ವ್ಯವಸ್ಥೆಯಿಂದ ಬ್ಯಾಂಕಿಗೂ ಪಾವತಿ ಸಂಸ್ಥೆಗೂ ಸೂಚನೆ ಹೋಗುತ್ತದೆ. ಲೈನ್ ಸಿಗದಿದ್ದರೆ cybercrime.gov.in ನಲ್ಲಿ ದೂರು ತುಂಬಿ.

5. ಹಣ ಎಲ್ಲಿಗೆ ಹೋಗಿದೆ ಎಂದು ಸಂದೇಶದಲ್ಲಿದೆಯಲ್ಲ, ಆ ಮಾರಾಟ ತಾಣಕ್ಕೋ ವಾಲೆಟ್ ಸಂಸ್ಥೆಗೋ ಅವರ ಅಧಿಕೃತ ಆ್ಯಪ್‌ನ ಮೂಲಕ ತಿಳಿಸಿ. ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಫೋನ್, ಲ್ಯಾಪ್‌ಟಾಪ್‌ನಂಥ ವಸ್ತು ಕೊಂಡಿದ್ದರೆ ಅದು ರವಾನೆಯಾಗುವ ಮುಂಚೆ ಆರ್ಡರ್ ತಡೆಯಲು ಸಾಧ್ಯ, ತಡೆದರೆ ಹಣ ಅದೇ ಕಾರ್ಡಿಗೆ ಮರಳುತ್ತದೆ. ಗಿಫ್ಟ್ ವೋಚರ್ ಕೊಂಡಿದ್ದರೆ ಸಮಯ ತೀರಾ ಕಡಿಮೆ, ಅದರ ಕೋಡ್ ನಿಮಿಷಗಳಲ್ಲಿ ಖರ್ಚಾಗುತ್ತದೆ.

ಬ್ಲಾಕ್ ಮಾಡಿದ ಮೇಲೂ ಬಿಲ್ಲಿನಲ್ಲಿ ಆ ಮೊತ್ತಗಳು ಕಂಡರೆ ಗಾಬರಿ ಬೇಡ. ಬ್ಲಾಕ್ ಮುಂದಿನ ಪಾವತಿಗಳನ್ನು ತಡೆಯುತ್ತದೆ. ಆಗಲೇ ಒಪ್ಪಿಗೆಯಾದ ಪಾವತಿ ಒಂದೆರಡು ದಿನದ ಮೇಲೆ ಲೆಕ್ಕಕ್ಕೆ ಸೇರುತ್ತದೆ. ಅದನ್ನು ವಿವಾದದ ಅರ್ಜಿಯ ಮೂಲಕ ಎದುರಿಸಬೇಕು.

ಎಪಿಕೆ ಹಾಕಿಕೊಂಡಿದ್ದವರು ಅದನ್ನು ತೆಗೆದುಹಾಕಿ, ಎಸ್ಸೆಮ್ಮೆಸ್ ಓದುವ ಅನುಮತಿ ಬೇರೆ ಯಾವ ಆ್ಯಪ್‌ಗಳಿಗಿದೆ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ. ಅನುಮಾನವಿದ್ದರೆ ಫೋಟೋಗಳನ್ನು ಉಳಿಸಿಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದೇ ಒಳ್ಳೆಯದು. ಆದರೆ ಅದಕ್ಕೂ ಮೊದಲು ಸಂದೇಶಗಳ, ಕರೆ ಪಟ್ಟಿಯ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ, ದೂರಿಗೆ ಬೇಕಾಗುತ್ತವೆ. ಕರೆಯ ನಡುವೆ ಅವನು ಏನಾದರೂ ನಂಬರ್ ಒತ್ತಿಸಿದ್ದರೆ ನಿಮ್ಮ ಕರೆಗಳು ಅವನತ್ತ ತಿರುಗಿರಬಹುದು. ಡಯಲ್ ಪುಟದಲ್ಲಿ ಇದನ್ನು ಒತ್ತಿದರೆ ಎಲ್ಲ ತಿರುವುಗಳೂ ರದ್ದಾಗುತ್ತವೆ:

```
##002#
```

ಹೋದ ಹಣ ಯಾರ ಮೇಲೆ ಬೀಳುತ್ತದೆ

ಇಲ್ಲಿ ಸತ್ಯವನ್ನು ನೇರವಾಗಿ ಹೇಳಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ಗ್ರಾಹಕರು ತಾವೇ ಗುಪ್ತ ವಿವರಗಳನ್ನು ಹೇಳಿದ್ದರಿಂದ ನಷ್ಟವಾಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಗ್ರಾಹಕರದು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. "ಮೂರು ದಿನದೊಳಗೆ ಹೇಳಿದರೆ ಪೂರ್ತಿ ದುಡ್ಡು ವಾಪಸ್" ಎಂದು ವಾಟ್ಸ್ಯಾಪಿನಲ್ಲಿ ಓಡಾಡುವ ಮಾತು ಅರ್ಧ ಮಾತ್ರ ಸರಿ. ಆ ಮೂರು ಕೆಲಸದ ದಿನಗಳ ನಿಯಮ, ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಬೇರೆಲ್ಲೋ ಮಾಹಿತಿ ಸೋರಿ ಆದ ವಂಚನೆಗೆ ಅನ್ವಯಿಸುತ್ತದೆ.

ಮೇಲಿನ ಮಾದರಿಗೆ ಇದನ್ನು ಹಚ್ಚಿ ನೋಡಿ. ಎರಡು ವಹಿವಾಟು ಆಗಿ 98,490 ಹೋದಮೇಲೆ 11 ಗಂಟೆ 24 ನಿಮಿಷಕ್ಕೆ ನೀವು ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆದಿರಿ. 11 ಗಂಟೆ 31ಕ್ಕೆ ಮೂರನೆಯ 27,000 ಹೋಯಿತು. ಈ 27,000 ಬ್ಯಾಂಕು ಹೊರಬೇಕಾದದ್ದು. ಉಳಿದ 98,490 ಬಗ್ಗೆ ಬ್ಯಾಂಕು "ಒಟಿಪಿ ನೀವೇ ಕೊಟ್ಟಿದ್ದೀರಿ" ಎನ್ನುತ್ತದೆ, ಮತ್ತು ಒಟಿಪಿಯಿಂದ ದೃಢೀಕರಣವಾದ ಪಾವತಿಯನ್ನು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದ ನಿಯಮಗಳಡಿ ವಂಚನೆ ಎಂದು ಅಂಗಡಿಯಿಂದ ವಾಪಸ್ ಪಡೆಯುವುದು ಬಹಳ ಕಷ್ಟ. ಅಲ್ಲಿ ಉಳಿಯುವ ಆಸರೆ 1930ರ ಮೂಲಕ ಹಣ ತಡೆಯಾಗುವುದು ಮತ್ತು ಮಾರಾಟ ತಾಣ ಆರ್ಡರ್ ನಿಲ್ಲಿಸುವುದು.

ಒಟಿಪಿ ಇಲ್ಲದೆ ವಿದೇಶಿ ತಾಣದಲ್ಲಿ ಹೋದ ಹಣದ ಕಥೆ ಬೇರೆ. ಅಲ್ಲಿ ಎರಡನೆಯ ದೃಢೀಕರಣವೇ ಆಗಿಲ್ಲ, ಆದ್ದರಿಂದ ಬ್ಯಾಂಕು ಕಾರ್ಡ್ ಜಾಲದ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಅಂಗಡಿಯಿಂದ ಹಣ ವಾಪಸ್ ಪಡೆಯುವ ಬೇಡಿಕೆ, ಹಾಕಲು ದಾರಿಯಿದೆ. ಆ ಮೊತ್ತಗಳಿಗೆ ಪ್ರತ್ಯೇಕವಾಗಿ ವಿವಾದದ ಅರ್ಜಿ ತುಂಬಿ, "ಈ ವಹಿವಾಟಿಗೆ ಯಾವ ಒಟಿಪಿಯೂ ಬಂದಿಲ್ಲ" ಎಂದು ಬರೆಯಿರಿ. ಚಾರ್ಜ್‌ಬ್ಯಾಕ್‌ಗೆ ಗಡುವಿರುತ್ತದೆ, ಬಿಲ್ ಬರಲಿ ಎಂದು ಕಾಯಬೇಡಿ.

ದೂರು, ಬಿಲ್, ಲೋಕಪಾಲ

1930ರಿಂದ ಬಂದ ಸಂಖ್ಯೆಯೊಂದಿಗೆ ಕರ್ನಾಟಕದಲ್ಲಿರುವವರು ತಮ್ಮ ಜಿಲ್ಲೆಯ ಸೆನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗೆ ಹೋಗಬಹುದು. ಬೆಂಗಳೂರಿನಲ್ಲಿ ಇಂಥ ಠಾಣೆಗಳು ವಿಭಾಗವಾರು ಇವೆ. ಬ್ಯಾಂಕು ಎಫ್‌ಐಆರ್ ಪ್ರತಿ ಕೇಳಿದರೆ ಅದು ಸಿಗುವುದು ಠಾಣೆಯಿಂದ. ಸಹಾಯವಾಣಿಯ ಸಂಖ್ಯೆ ಎಫ್‌ಐಆರ್ ಅಲ್ಲ.

ಬ್ಯಾಂಕಿಗೆ ಬರೆಯುವ ಇಮೇಲ್ ಚಿಕ್ಕದಿರಲಿ: ಕರೆ ಬಂದ ಸಮಯ, ಪ್ರತಿ ವಹಿವಾಟಿನ ಮೊತ್ತ ಮತ್ತು ಸಮಯ, ನೀವು ಬ್ಯಾಂಕಿಗೆ ತಿಳಿಸಿದ ಸಮಯ ಮತ್ತು ದೂರಿನ ಸಂಖ್ಯೆ, 1930ರ ಸಂಖ್ಯೆ, ಚಿತ್ರಗಳು. ಏನಾಯಿತೋ ಹಾಗೆಯೇ ಬರೆಯಿರಿ. ಒಟಿಪಿ ಹೇಳಿ, "ಹೇಳಿಲ್ಲ" ಎಂದು ಬರೆದರೆ ಮುಂದೆ ಪೊಲೀಸ್ ಹೇಳಿಕೆಯಲ್ಲಿ ಬೇರೆ ಬಂದು, ನಿಮ್ಮ ಬಲವಾದ ಅಂಶಗಳೂ ಬಿದ್ದುಹೋಗುತ್ತವೆ.

ಬಿಲ್ ಬಂದಾಗ ನಿಮ್ಮದೇ ಆದ ಖರ್ಚನ್ನು, ಮಾದರಿಯಲ್ಲಾದರೆ ಆ 22,400ನ್ನು, ಗಡುವಿನೊಳಗೆ ಕಟ್ಟಿ. ವಂಚನೆಯೆಂದು ವಿವಾದ ಎತ್ತಿರುವ ವಹಿವಾಟಿನ ಮೇಲೆ ವಿವಾದ ಮುಗಿಯುವ ತನಕ ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳಲ್ಲಿದೆ. ಬಡ್ಡಿಯೋ ವಿಳಂಬ ಶುಲ್ಕವೋ ಬಂದಿದ್ದರೆ ಇದನ್ನು ಉಲ್ಲೇಖಿಸಿ ತೆಗೆಸಿ. ಸಿಟ್ಟಿನಿಂದ ಇಡೀ ಬಿಲ್ಲನ್ನೇ ಕಟ್ಟದೆ ಬಿಟ್ಟರೆ ನಿಮ್ಮ ಪಾಲಿನ ಖರ್ಚೂ ಬಾಕಿಯಾಗಿ ಕ್ರೆಡಿಟ್ ಸ್ಕೋರ್ ಕೆಡುತ್ತದೆ.

ಬ್ಯಾಂಕು 30 ದಿನದೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪುವಂತಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ cms.rbi.org.in ನಲ್ಲಿ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡದೆ ನೇರವಾಗಿ ಇಲ್ಲಿಗೆ ಬಂದರೆ ತಿರಸ್ಕೃತವಾಗುತ್ತದೆ. ಮೇಲಿನ 27,000ದಂಥ, ತಿಳಿಸಿದ ನಂತರದ ನಷ್ಟಕ್ಕೆ ಲೋಕಪಾಲರ ಮುಂದೆ ಬರೆದಿಟ್ಟ ಸಮಯವೇ ನಿಮ್ಮ ಸಾಕ್ಷಿ.

ದೂರು ಕೊಟ್ಟ ಕೆಲವು ದಿನಗಳಲ್ಲಿ ಇನ್ನೊಂದು ಕರೆ ಬರುವ ಸಂಭವವಿದೆ. "ಸೈಬರ್ ಠಾಣೆಯಿಂದ, ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ ಸ್ವಲ್ಪ ಶುಲ್ಕ" ಎಂದೋ, "ರೀಫಂಡ್ ಹಾಕಲು ಹೊಸ ಕಾರ್ಡಿನ ವಿವರ ಹೇಳಿ" ಎಂದೋ. ಒಮ್ಮೆ ಮೋಸ ಹೋದವರ ನಂಬರುಗಳು ವಂಚಕರ ನಡುವೆ ಕೈ ಬದಲಾಗುತ್ತವೆ. ಕಾರ್ಡಿಗೆ ಮರಳುವ ಹಣ ಬ್ಯಾಂಕಿನಿಂದಲೇ ನೇರವಾಗಿ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ನಿಮ್ಮಿಂದ ಯಾವ ಅಂಕಿಯೂ ಬೇಕಾಗುವುದಿಲ್ಲ.

ಹೊಸ ಕಾರ್ಡ್ ಬಂದ ದಿನವೇ ವಿದೇಶಿ ಬಳಕೆ ಆಫ್ ಇದೆಯೇ ನೋಡಿ, ಆನ್‌ಲೈನ್ ಬಳಕೆಗೆ ಒಂದು ದಿನದ ಮಿತಿ ಹಾಕಿ. ತಿಂಗಳಿಗೆ ಐದಾರು ಸಾವಿರದ ಆನ್‌ಲೈನ್ ಖರ್ಚಿರುವ ಮನೆಗೆ 10,000ದ ಮಿತಿ ಧಾರಾಳ. ದೊಡ್ಡದೇನಾದರೂ ಕೊಳ್ಳುವ ದಿನ ಅದನ್ನು ಏರಿಸಿ ಮತ್ತೆ ಇಳಿಸಬಹುದು. ಹಳೆಯ ಕಾರ್ಡಿಗೆ ಕಟ್ಟಿದ್ದ ವಿದ್ಯುತ್, ಮೊಬೈಲ್, ವಿಮೆಯ ಸ್ವಯಂ ಪಾವತಿಗಳು ನಿಂತಿರಬಹುದು, ಅವುಗಳ ಗಡುವು ತಪ್ಪುವ ಮೊದಲೇ ಹೊಸ ಕಾರ್ಡಿಗೆ ಬದಲಿಸಿಕೊಳ್ಳಿ.